ಒಂದು ಎಳೆ ಉದ್ದಕ್ಕೆ, ಇನ್ನೊಂದು ತುಂಡು ತುಂಡಾಗಿ

ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರೆಲ್ಲ ಈ ಚಿತ್ರವನ್ನು ಒಮ್ಮೆಯಾದರೂ ಬಿಡಿಸಿರುತ್ತಾರೆ. ಬಲಗಡೆ ಜೋಡಿಯಾಗಿರುವ ಎರಡು ಗೆರೆಗಳು ಎಡಕ್ಕೆ ಬರುತ್ತಾ ಕವಲೊಡೆಯುತ್ತವೆ. ಮೇಲಿನ ಕವಲಿನ ಪಕ್ಕದಲ್ಲಿ ಒಂದೇ ಉದ್ದನೆಯ ಬಾಣ, ಕೆಳಗಿನ ಕವಲಿನ ಪಕ್ಕದಲ್ಲಿ ಉಲ್ಟಾ ದಿಕ್ಕಿಗೆ ಮುಖ ಮಾಡಿದ ಮೂರೋ ನಾಲ್ಕೋ ಚಿಕ್ಕ ಬಾಣಗಳು. ಮೇಲಿನದಕ್ಕೆ ಲೀಡಿಂಗ್ ಎಳೆ, ಕೆಳಗಿನದಕ್ಕೆ ಲ್ಯಾಗಿಂಗ್ ಎಳೆ ಎಂದು ಹೆಸರು. ತುದಿಗಳಲ್ಲಿ 5′, 3′ ಎಂಬ ಗುರುತುಗಳು. ಡಿಎನ್‌ಎ ತನ್ನ ನಕಲು ಮಾಡಿಕೊಳ್ಳುವ ಜಾಗದ ಚಿತ್ರ ಇದು. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಡಿಸಿದವರು ಬಹಳ ಮಂದಿ. ಚಿಕ್ಕ ಬಾಣಗಳು ಯಾಕೆ ಉಲ್ಟಾ ತಿರುಗಿವೆ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಬಾಯಿಪಾಠ ಬೇಕಾಗಿಯೇ ಇಲ್ಲ. ಇಡೀ ಚಿತ್ರ ಒಂದೇ ಒಂದು ನಿಯಮದಿಂದ ಹುಟ್ಟುತ್ತದೆ. ಬೆಳೆಯುತ್ತಿರುವ ಡಿಎನ್‌ಎ ಎಳೆಗೆ ಹೊಸ ಘಟಕವನ್ನು ಅದರ 3′ ತುದಿಗೆ ಮಾತ್ರ ಸೇರಿಸಬಹುದು, 5′ ತುದಿಗೆ ಸೇರಿಸಲು ಆಗುವುದಿಲ್ಲ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ಕಾಗದದ ಮೇಲೆ ತಾನಾಗಿ ಮೂಡುತ್ತದೆ.

ಮೊದಲು ಆ ಅಂಕಿಗಳ ವಿಚಾರ. ಡಿಎನ್‌ಎ ಎಳೆಯ ಬೆನ್ನೆಲುಬು ಸಕ್ಕರೆ ಮತ್ತು ಫಾಸ್ಫೇಟ್‌ಗಳ ಸರಪಣಿ. ಪ್ರತಿ ಸಕ್ಕರೆಯಲ್ಲಿ ಐದು ಇಂಗಾಲದ ಪರಮಾಣುಗಳಿದ್ದು, ರಸಾಯನಶಾಸ್ತ್ರಜ್ಞರು ಅವುಗಳಿಗೆ 1′ರಿಂದ 5′ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಒಂದು ಸಕ್ಕರೆಯ ಮೂರನೆಯ ಇಂಗಾಲ ಫಾಸ್ಫೇಟ್ ಮೂಲಕ ಮುಂದಿನ ಸಕ್ಕರೆಯ ಐದನೆಯ ಇಂಗಾಲಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಎಳೆಯ ಒಂದು ತುದಿಯಲ್ಲಿ ಐದನೆಯ ಇಂಗಾಲ, ಇನ್ನೊಂದು ತುದಿಯಲ್ಲಿ ಮೂರನೆಯ ಇಂಗಾಲ ಜೋಡಿಯಿಲ್ಲದೆ ಉಳಿಯುತ್ತದೆ. 5′ ತುದಿ, 3′ ತುದಿ ಎಂದರೆ ಇಷ್ಟೇ. ಜೋಡಿಯಾಗಿರುವ ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಮಲಗಿರುತ್ತವೆ. ಒಂದರ 5′ ತುದಿ ಇರುವ ಕಡೆ ಇನ್ನೊಂದರ 3′ ತುದಿ. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಪ್ರಕಟಿಸಿದ ಮಾದರಿಯಲ್ಲೇ ಈ ಎದುರುಬದುರು ಇತ್ತು. ಚಿತ್ರದ ಎಲ್ಲ ತೊಡಕಿಗೂ ಮೂಲ ಇದೇ.

ಈಗ ಒಂದು ಪೆನ್ನು ಹಿಡಿದು ಬಿಡಿಸಿ ನೋಡೋಣ. ಕವಲು ಎಡಗಡೆ ತೆರೆದಿದೆ, ಬಲಕ್ಕೆ ಇನ್ನೂ ಬಿಚ್ಚಬೇಕಾದ ಜೋಡಿ ಇದೆ, ಅಂದರೆ ಕವಲು ಬಲಕ್ಕೆ ಸಾಗುತ್ತಿದೆ ಎಂದಿಟ್ಟುಕೊಳ್ಳಿ. ಮೇಲಿನ ಹಳೆಯ ಎಳೆಯ ಎಡತುದಿ 3′, ಬಲತುದಿ 5′. ಅದರ ಮೇಲಿನ ಅಕ್ಷರಗಳು ಎಡದಿಂದ ಬಲಕ್ಕೆ ಟಿ, ಎ, ಸಿ, ಜಿ, ಜಿ, ಎ. ಕೆಳಗಿನ ಹಳೆಯ ಎಳೆಯ ಎಡತುದಿ 5′, ಬಲತುದಿ 3′. ಎಗೆ ಟಿ, ಜಿಗೆ ಸಿ ಜೋಡಿಯಾಗಬೇಕಾದ್ದರಿಂದ ಅಲ್ಲಿನ ಅಕ್ಷರಗಳು ಎಡದಿಂದ ಬಲಕ್ಕೆ ಎ, ಟಿ, ಜಿ, ಸಿ, ಸಿ, ಟಿ.

ಮೇಲಿನ ಎಳೆಗೆ ಹೊಸ ಜೋಡಿ ಕಟ್ಟೋಣ. ಹೊಸ ಎಳೆ ಹಳೆಯದಕ್ಕೆ ಎದುರು ದಿಕ್ಕಿನಲ್ಲಿರಬೇಕು, ಆದ್ದರಿಂದ ಅದರ 5′ ಎಡಕ್ಕೆ, 3′ ಬಲಕ್ಕೆ. ಬೆಳವಣಿಗೆ 3′ ಕಡೆಗೆ, ಎಂದರೆ ಬಲಕ್ಕೆ. ಕವಲು ಸಾಗುತ್ತಿರುವುದೂ ಬಲಕ್ಕೇ. ಎ, ಟಿ, ಜಿ, ಸಿ, ಸಿ, ಟಿ ಎಂದು ಒಂದಾದ ಮೇಲೊಂದು ಕೂರುತ್ತಾ ಹೋಗುತ್ತವೆ. ಕವಲು ಇನ್ನಷ್ಟು ಬಿಚ್ಚಿಕೊಂಡ ಹಾಗೆ ಹೊಸ ಎಳೆ ಅದರ ಹಿಂದೆಯೇ ತಡೆಯಿಲ್ಲದೆ ಬೆಳೆಯುತ್ತದೆ. ಇದು ಲೀಡಿಂಗ್ ಎಳೆ.

ಕೆಳಗಿನ ಎಳೆಗೆ ಬನ್ನಿ. ಹಳೆಯದರ 5′ ಎಡಕ್ಕಿರುವುದರಿಂದ ಹೊಸದರ 5′ ಬಲಕ್ಕೆ, 3′ ಎಡಕ್ಕೆ. ಬೆಳವಣಿಗೆ ಎಡಕ್ಕೇ ಆಗಬೇಕು. ಕವಲು ಮಾತ್ರ ಬಲಕ್ಕೆ ಹೋಗುತ್ತಿದೆ. ಬಿಚ್ಚಿದ ಜಾಗದಲ್ಲಿ ಕವಲಿನ ಬುಡದಿಂದ ಶುರುಮಾಡಿ ಎಡಕ್ಕೆ ಎ, ಜಿ, ಜಿ, ಸಿ, ಎ, ಟಿ ಎಂದು ಕಟ್ಟಿ ಮುಗಿಸುವಷ್ಟರಲ್ಲಿ ಬಲಗಡೆ ಇನ್ನಷ್ಟು ಜಾಗ ಬಿಚ್ಚಿಕೊಂಡಿರುತ್ತದೆ. ಅಲ್ಲಿಗೆ ಈ ತುಂಡನ್ನು ಬಲಕ್ಕೆ ಬೆಳೆಸಿ ಮುಟ್ಟುವ ಹಾಗಿಲ್ಲ, ಬಲಕ್ಕಿರುವುದು 5′ ತುದಿ. ಉಳಿದ ದಾರಿ ಒಂದೇ. ಮತ್ತೆ ಕವಲಿನ ಬುಡದಲ್ಲಿ ಹೊಸ ತುಂಡು ಶುರುಮಾಡಿ, ಹಳೆಯ ತುಂಡು ಸಿಗುವವರೆಗೆ ಎಡಕ್ಕೆ ಕಟ್ಟಬೇಕು. ಹೀಗೆ ತುಂಡು ತುಂಡಾಗಿ ಬೆಳೆಯುವುದು ಲ್ಯಾಗಿಂಗ್ ಎಳೆ. ಆರು ಅಕ್ಷರಗಳಿಗೇ ತುಂಡು ಮುಗಿಯುವುದಿಲ್ಲ, ನಿಜವಾದ ತುಂಡುಗಳ ಅಳತೆ ಮುಂದೆ ಬರುತ್ತದೆ. ಆದರೆ ಚಿಕ್ಕ ಬಾಣಗಳು ಉಲ್ಟಾ ತಿರುಗಿರುವ ಕಾರಣ ಪೂರ್ತಿಯಾಗಿ ಇಲ್ಲಿದೆ.

5′ ತುದಿಗೂ ಸೇರಿಸುವ ಇನ್ನೊಂದು ಕಿಣ್ವ ಇದ್ದಿದ್ದರೆ ಇಷ್ಟೆಲ್ಲ ಪಾಡು ಯಾಕೆ ಎಂಬ ಪ್ರಶ್ನೆ ಸಹಜ. ಡಿಎನ್‌ಎ ಕಟ್ಟುವ ಕಿಣ್ವ ಪಾಲಿಮರೇಸ್. ಆರ್ಥರ್ ಕಾರ್ನ್‌ಬರ್ಗ್ 1950ರ ದಶಕದ ನಡುವೆ ಮೊದಲ ಪಾಲಿಮರೇಸನ್ನು ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದರು, 1959ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಸಿಕ್ಕ ಡಿಎನ್‌ಎ ಪಾಲಿಮರೇಸ್‌ಗಳೆಲ್ಲ 3′ ತುದಿಗೇ ಸೇರಿಸುವಂಥವು. ಇದಕ್ಕೆ ಜೀವವಿಜ್ಞಾನಿಗಳು ಕೊಡುವ ವಿವರಣೆ ಶಕ್ತಿಯ ಲೆಕ್ಕಕ್ಕೆ ಸಂಬಂಧಿಸಿದ್ದು. ಎಳೆಗೆ ಸೇರಲು ಬರುವ ಪ್ರತಿಯೊಂದು ಘಟಕವೂ ಮೂರು ಫಾಸ್ಫೇಟ್‌ಗಳನ್ನು ಹೊತ್ತು ತರುತ್ತದೆ. ಸೇರುವಾಗ ಅದರಲ್ಲಿ ಎರಡು ಕಳಚಿ ಬೀಳುತ್ತವೆ, ಬೆಸುಗೆಗೆ ಬೇಕಾದ ಶಕ್ತಿ ಅದರಿಂದಲೇ ಸಿಗುತ್ತದೆ. ಅಂದರೆ ಶಕ್ತಿಯನ್ನು ತರುವುದು ಹೊಸಬ, ಎಳೆಯ ತುದಿಯಲ್ಲ.

ಇದರ ಲಾಭ ತಪ್ಪಾದಾಗ ಗೊತ್ತಾಗುತ್ತದೆ. ಪಾಲಿಮರೇಸ್ ಸುಮಾರು ಒಂದು ಲಕ್ಷ ಅಕ್ಷರಗಳಿಗೆ ಒಂದರಂತೆ ತಪ್ಪು ಅಕ್ಷರ ಕೂರಿಸುತ್ತದೆ. ಕೂರಿಸಿದ ಕೂಡಲೇ ಜೋಡಿ ಸರಿಹೊಂದದ್ದು ಅದಕ್ಕೆ ತಿಳಿಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು, ತಪ್ಪನ್ನು ಕತ್ತರಿಸಿ ತೆಗೆದು, ಸರಿಯಾದದ್ದನ್ನು ಕೂರಿಸಿ ಮುಂದುವರಿಯುತ್ತದೆ. ಕತ್ತರಿಸಿದ ಮೇಲೂ ಕೆಲಸ ನಿಲ್ಲುವುದಿಲ್ಲ, ಮುಂದೆ ಬರುವ ಘಟಕ ತನ್ನ ಶಕ್ತಿಯನ್ನು ತಾನೇ ತರುತ್ತದಲ್ಲ. 5′ ತುದಿಗೆ ಸೇರಿಸುವ ಪದ್ಧತಿ ಇದ್ದಿದ್ದರೆ ಆ ಮೂರು ಫಾಸ್ಫೇಟ್ ಎಳೆಯ ತುದಿಯಲ್ಲೇ ಇರಬೇಕಾಗಿತ್ತು. ತಪ್ಪನ್ನು ಕತ್ತರಿಸಿದರೆ ಅದರೊಂದಿಗೆ ಶಕ್ತಿಯೂ ಹೋಗಿ ಎಳೆ ಅಲ್ಲಿಗೇ ನಿಂತುಬಿಡುತ್ತಿತ್ತು. ಲ್ಯಾಗಿಂಗ್ ಎಳೆಯ ತುಂಡುಗಳು ಪ್ರಕೃತಿಯ ಎಡವಟ್ಟು ಎಂದು ಹಲವರು ಭಾವಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತಿದ್ದುವ ಅವಕಾಶ ಉಳಿಸಿಕೊಳ್ಳಲು ಜೀವಕೋಶ ತೆರುತ್ತಿರುವ ಬೆಲೆ ಅದು.

ಈಗ ಚಿತ್ರದ ಒಂದೇ ಒಂದು ಚಿಕ್ಕ ಬಾಣವನ್ನು ಹತ್ತಿರದಿಂದ ನೋಡೋಣ. ಉದಾಹರಣೆಗೆ ನಮ್ಮ ಕರುಳಿನಲ್ಲೇ ಇರುವ ಇ. ಕೊಲೈ ಬ್ಯಾಕ್ಟೀರಿಯಾ. ಪಾಲಿಮರೇಸ್‌ಗೆ ಇನ್ನೊಂದು ಮಿತಿಯಿದೆ, ಅದು ಖಾಲಿ ಜಾಗದಲ್ಲಿ ಎಳೆಯನ್ನು ಆರಂಭಿಸಲಾರದು. ಮೊದಲೇ ಇರುವ 3′ ತುದಿಯನ್ನು ಮುಂದುವರಿಸುವುದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಪ್ರೈಮೇಸ್ ಎಂಬ ಕಿಣ್ವ ಮೊದಲು ಬಂದು ಹತ್ತು ಹನ್ನೆರಡು ಅಕ್ಷರಗಳ ಆರ್‌ಎನ್‌ಎ ಚೂರೊಂದನ್ನು ಕವಲಿನ ಬುಡದ ಹತ್ತಿರ ಕಟ್ಟುತ್ತದೆ. ಅದೇ ಪ್ರೈಮರ್. ಚಿತ್ರದಲ್ಲಿ ಬೇರೆ ಬಣ್ಣದಲ್ಲೋ ಅಲೆಯ ಗೆರೆಯಲ್ಲೋ ತೋರಿಸುವುದು ಇದನ್ನೇ. ಪಾಲಿಮರೇಸ್ ಪ್ರೈಮರಿನ 3′ ತುದಿಯನ್ನು ಹಿಡಿದು ಸಾವಿರದಿಂದ ಎರಡು ಸಾವಿರ ಅಕ್ಷರಗಳನ್ನು ಕಟ್ಟಿ, ಹಿಂದಿನ ತುಂಡಿನ ಪ್ರೈಮರಿಗೆ ತಾಗಿದಾಗ ನಿಲ್ಲುತ್ತದೆ. ಅಲ್ಲಿ ಇನ್ನೊಂದು ಪಾಲಿಮರೇಸ್ ಬಂದು, ಆ ಹಳೆಯ ಪ್ರೈಮರನ್ನು ತಿಂದುಹಾಕುತ್ತಾ ಅದರ ಜಾಗದಲ್ಲಿ ಡಿಎನ್‌ಎ ತುಂಬುತ್ತದೆ. ಕಾರ್ನ್‌ಬರ್ಗ್ ಮೊದಲು ಕಂಡುಹಿಡಿದ ಕಿಣ್ವ ಇದೇ, ಮುಖ್ಯ ಕೆಲಸಗಾರ ಬೇರೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇಷ್ಟಾದ ಮೇಲೂ ಎರಡು ತುಂಡುಗಳ ನಡುವೆ ಒಂದು ಬೆಸುಗೆ ಬಾಕಿ ಇರುತ್ತದೆ. ಲೈಗೇಸ್ ಎಂಬ ಕಿಣ್ವ ಅದನ್ನು ಹಾಕಿ ಮುಗಿಸುತ್ತದೆ.

ಇದಕ್ಕೆ ಎಷ್ಟು ಹೊತ್ತು? ಇ. ಕೊಲೈಯ ಪಾಲಿಮರೇಸ್ ಸೆಕೆಂಡಿಗೆ ಸುಮಾರು ಸಾವಿರ ಅಕ್ಷರ ಕಟ್ಟುತ್ತದೆ. ಒಂದು ತುಂಡಿಗೆ ಒಂದೆರಡು ಸೆಕೆಂಡು ಸಾಕು. ಅದರ ಇಡೀ ಡಿಎನ್‌ಎ ಸುಮಾರು 46 ಲಕ್ಷ ಜೋಡಿ ಅಕ್ಷರಗಳ ಒಂದು ಬಳೆ. ಒಂದೇ ಜಾಗದಲ್ಲಿ ಶುರುವಾಗಿ ಎರಡು ಕವಲುಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ, ತಲಾ 23 ಲಕ್ಷದ ದಾರಿ. ಲೆಕ್ಕ ಹಾಕಿದರೆ 2,300 ಸೆಕೆಂಡು, ಹೆಚ್ಚುಕಡಿಮೆ 40 ನಿಮಿಷ. ಆ ಹೊತ್ತಿನಲ್ಲಿ ಎರಡೂ ಕವಲುಗಳಲ್ಲಿ ಸೇರಿ ಎರಡರಿಂದ ನಾಲ್ಕೂವರೆ ಸಾವಿರ ತುಂಡುಗಳು ಹುಟ್ಟಿ ಬೆಸೆದುಕೊಂಡಿರುತ್ತವೆ. ಮನುಷ್ಯನ ಜೀವಕೋಶದಲ್ಲಿ ತುಂಡುಗಳು ಇನ್ನೂ ಚಿಕ್ಕವು, ನೂರರಿಂದ ಇನ್ನೂರು ಅಕ್ಷರ. ಒಂದು ಜೀವಕೋಶ ಎರಡಾಗಬೇಕಾದರೆ ಅಂಥ ಕೋಟಿಗಟ್ಟಲೆ ತುಂಡುಗಳನ್ನು ಹೊಲಿಯಬೇಕು.

ಕವಲಿನ ಬುಡದಲ್ಲಿ ಚಿತ್ರಗಳು ತೋರಿಸುವ ಉಂಗುರದಂಥ ಆಕೃತಿ ಹೆಲಿಕೇಸ್, ಜೋಡಿಯನ್ನು ಬಿಚ್ಚುವ ಕಿಣ್ವ. ಅದರ ಮುಂದೆ, ಇನ್ನೂ ಬಿಚ್ಚದ ಭಾಗದಲ್ಲಿ, ಹಲವು ಚಿತ್ರಗಳು ಏನನ್ನೂ ತೋರಿಸುವುದಿಲ್ಲ. ಅಲ್ಲೊಂದು ದೊಡ್ಡ ತೊಂದರೆ ಇದೆ. ಎರಡು ಹುರಿಯ ತೆಂಗಿನ ನಾರಿನ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯಿಂದ ಹುರಿಗಳನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ಬಿಡಿಸಿ ನೋಡಿ. ಸ್ವಲ್ಪ ದೂರ ಬಿಡಿಸಿಕೊಳ್ಳುತ್ತದೆ, ಆಮೇಲೆ ಮುಂದಿನ ಭಾಗ ಬಿಗಿದು ಗಂಟುಗಂಟಾಗುತ್ತದೆ. ಡಿಎನ್‌ಎಯಲ್ಲಿ ಹತ್ತೂವರೆ ಜೋಡಿಗೆ ಒಂದು ಸುತ್ತು. ಸೆಕೆಂಡಿಗೆ ಸಾವಿರ ಜೋಡಿ ಬಿಚ್ಚಿದರೆ ಮುಂದಿನ ಭಾಗದಲ್ಲಿ ಸೆಕೆಂಡಿಗೆ ಸುಮಾರು ನೂರು ಸುತ್ತಿನ ಬಿಗಿ ಸೇರುತ್ತದೆ. ಬ್ಯಾಕ್ಟೀರಿಯಾದಲ್ಲಿ ಗೈರೇಸ್ ಎಂಬ ಕಿಣ್ವ ಡಿಎನ್‌ಎಯನ್ನು ಕತ್ತರಿಸಿ, ಇನ್ನೊಂದು ಭಾಗವನ್ನು ಆ ಸಂದಿಯಲ್ಲಿ ದಾಟಿಸಿ, ಮತ್ತೆ ಬೆಸೆದು ಈ ಬಿಗಿಯನ್ನು ಇಳಿಸುತ್ತದೆ. ವೈದ್ಯರು ಬರೆದುಕೊಡುವ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಕೆಲಸ ಮಾಡುವುದು ಇಲ್ಲೇ. ಗೈರೇಸ್ ಕತ್ತರಿಸಿದ ಮೇಲೆ ಬೆಸೆಯದಂತೆ ಅದು ತಡೆಹಿಡಿಯುತ್ತದೆ, ಕವಲು ಅಲ್ಲಿಗೆ ಬಂದು ಕುಸಿಯುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ.

ತುಂಡುಗಳಿವೆ ಎಂದು ಮೊದಲು ಹೇಗೆ ಗೊತ್ತಾಯಿತು? ಇದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ರೇಜಿ ಒಕಾಜಾಕಿ ಮತ್ತು ತ್ಸುನೆಕೊ ಒಕಾಜಾಕಿ ದಂಪತಿಯ ಕೆಲಸ. 1963ರಲ್ಲಿ ಜಾನ್ ಕೇರ್ನ್ಸ್ ಇ. ಕೊಲೈಯ ಡಿಎನ್‌ಎ ನಕಲಾಗುತ್ತಿರುವ ಚಿತ್ರಗಳನ್ನು ಪ್ರಕಟಿಸಿದ್ದರು. ಅದರಲ್ಲಿ ಎರಡೂ ಹೊಸ ಎಳೆಗಳು ಕವಲಿನ ಜೊತೆ ಒಂದೇ ದಿಕ್ಕಿಗೆ ಬೆಳೆಯುವಂತೆ ಕಾಣುತ್ತಿತ್ತು. ಪಾಲಿಮರೇಸ್ ಮಾತ್ರ 3′ ತುದಿಗೇ ಸೇರಿಸುತ್ತದೆ. ಎರಡೂ ನಿಜವಾಗಿರಬೇಕಾದರೆ ಒಂದು ಎಳೆ ಚಿಕ್ಕ ಚಿಕ್ಕ ತುಂಡುಗಳಾಗಿ ಹಿಂದಕ್ಕೆ ಹುಟ್ಟಿ, ಕೂಡಲೇ ಬೆಸೆದುಕೊಳ್ಳುತ್ತಿರಬೇಕು ಎಂದು ಒಕಾಜಾಕಿಗಳು ಊಹಿಸಿದರು. ಹಾಗಿದ್ದರೆ ಈಗಷ್ಟೇ ಹುಟ್ಟಿದ ಡಿಎನ್‌ಎಯನ್ನು ಬೆಸೆಯುವ ಮುಂಚೆ ಹಿಡಿಯಬೇಕು. ಹಿಡಿಯಲು ಇರುವ ಕಾಲ ಒಂದೆರಡು ಸೆಕೆಂಡು.

ಅವರು ಬ್ಯಾಕ್ಟೀರಿಯಾವನ್ನು 20 ಡಿಗ್ರಿಗೆ ತಂಪಾಗಿಸಿ ಅದರ ವೇಗವನ್ನು ತಗ್ಗಿಸಿದರು. ವಿಕಿರಣ ಸೂಸುವ ಹೈಡ್ರೋಜನ್ ಇರುವ ಥೈಮಿಡಿನ್ ಅನ್ನು ಕೆಲವೇ ಸೆಕೆಂಡು ಉಣಿಸಿ, ತಕ್ಷಣ ಮಂಜುಗಡ್ಡೆ ಮತ್ತು ಸಯನೈಡ್ ಹಾಕಿ ಎಲ್ಲವನ್ನೂ ನಿಲ್ಲಿಸಿದರು. ಆ ಕೆಲವು ಸೆಕೆಂಡಿನಲ್ಲಿ ಕಟ್ಟಿದ ಡಿಎನ್‌ಎಯಲ್ಲಿ ಮಾತ್ರ ವಿಕಿರಣ ಇರುತ್ತದೆ. ಡಿಎನ್‌ಎಯನ್ನು ಹೊರತೆಗೆದು, ಕ್ಷಾರದಲ್ಲಿ ಎಳೆಗಳನ್ನು ಬಿಡಿಸಿ, ಸಕ್ಕರೆ ದ್ರಾವಣದಲ್ಲಿ ಜೋರಾಗಿ ತಿರುಗಿಸಿದರು. ಉದ್ದ ಎಳೆ ಬೇಗ ತಳಕ್ಕಿಳಿಯುತ್ತದೆ, ತುಂಡು ಮೇಲೆಯೇ ಉಳಿಯುತ್ತದೆ. ಐದು ಹತ್ತು ಸೆಕೆಂಡು ಉಣಿಸಿದಾಗ ವಿಕಿರಣ ಬಹುಪಾಲು ಮೇಲೆ, ಸಾವಿರದಿಂದ ಎರಡು ಸಾವಿರ ಅಕ್ಷರಗಳ ತುಂಡುಗಳಲ್ಲಿತ್ತು. ಹೆಚ್ಚು ಹೊತ್ತು ಉಣಿಸಿದಾಗ ಅದು ಕೆಳಕ್ಕೆ, ಉದ್ದ ಎಳೆಗಳಿಗೆ ಸರಿಯಿತು. ತುಂಡುಗಳು ಹುಟ್ಟಿ ಆಮೇಲೆ ಸೇರುತ್ತವೆ ಎಂಬುದಕ್ಕೆ ಇದೇ ಸಾಕ್ಷಿ. ಲೈಗೇಸ್ ಕೆಟ್ಟಿರುವ ವೈರಸ್ಸಿನಲ್ಲಿ ಇದನ್ನೇ ಮಾಡಿದಾಗ ತುಂಡುಗಳು ಸೇರದೆ ಗುಡ್ಡೆಬಿದ್ದವು. 1968ರಲ್ಲಿ ಪ್ರಬಂಧಗಳು ಹೊರಬಂದವು, ಆ ತುಂಡುಗಳಿಗೆ ಒಕಾಜಾಕಿ ತುಂಡುಗಳು ಎಂದೇ ಹೆಸರಾಯಿತು.

ರೇಜಿ ಹುಟ್ಟಿದ ಊರು ಹಿರೋಷಿಮಾ. ಬಾಂಬು ಬಿದ್ದಾಗ ವಿಕಿರಣಕ್ಕೆ ಸಿಕ್ಕಿದ್ದ ಅವರು 1975ರಲ್ಲಿ, 44ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಪ್ರತಿ ತುಂಡಿನ ತುದಿಯಲ್ಲಿ ಆರ್‌ಎನ್‌ಎ ಪ್ರೈಮರ್ ಇರುತ್ತದೆ ಎಂಬುದನ್ನು ಖಚಿತಪಡಿಸುವ ಕೆಲಸವನ್ನು ತ್ಸುನೆಕೊ ಮುಂದುವರಿಸಿದರು. ಜಪಾನ್ ಸರ್ಕಾರ 2021ರಲ್ಲಿ ಅವರಿಗೆ ಆರ್ಡರ್ ಆಫ್ ಕಲ್ಚರ್ ಗೌರವ ಕೊಟ್ಟಿತು.

ಒಕಾಜಾಕಿಗಳ ಫಲಿತಾಂಶದಲ್ಲಿ ಒಂದು ತೊಡಕಿತ್ತು. ಪಠ್ಯದ ಚಿತ್ರ ನಿಜವಾದರೆ ಹೊಸ ಡಿಎನ್‌ಎಯ ಅರ್ಧದಷ್ಟು ಮಾತ್ರ ತುಂಡಾಗಿರಬೇಕು, ಉಳಿದರ್ಧ ಲೀಡಿಂಗ್ ಎಳೆಯಲ್ಲಿ ಉದ್ದಕ್ಕೆ ಇರಬೇಕು. ಅವರಿಗೆ ಸಿಕ್ಕಿದ್ದು ಅರ್ಧಕ್ಕಿಂತ ಬಹಳ ಹೆಚ್ಚು ತುಂಡು, ಎರಡೂ ಎಳೆಗಳು ತುಂಡಾಗಿಯೇ ಹುಟ್ಟುತ್ತವೇನೋ ಎನ್ನುವಷ್ಟು. ಇದಕ್ಕೆ ಒಂದು ಕಾರಣ 1970ರ ದಶಕದಲ್ಲಿ ಸಿಕ್ಕಿತು. ಥೈಮಿನ್ ಇರಬೇಕಾದ ಕಡೆ ಆಗೊಮ್ಮೆ ಈಗೊಮ್ಮೆ ಯುರಾಸಿಲ್ ಸೇರಿಬಿಡುತ್ತದೆ, ಅದನ್ನು ತೆಗೆಯಲು ಜೀವಕೋಶ ಆ ಜಾಗದಲ್ಲಿ ಎಳೆಯನ್ನು ಕತ್ತರಿಸುತ್ತದೆ. ಆ ಕ್ಷಣದಲ್ಲಿ ಹಿಡಿದರೆ ಉದ್ದ ಎಳೆಯೂ ತುಂಡಾಗಿ ಕಾಣುತ್ತದೆ. ಅದಲ್ಲದೆ ದಾರಿಯಲ್ಲಿ ಹಾಳಾದ ಅಕ್ಷರ ಎದುರಾದಾಗ ಲೀಡಿಂಗ್ ಎಳೆಯೂ ಅಲ್ಲಿ ಬಿಟ್ಟು, ಮುಂದೆ ಹೊಸ ಪ್ರೈಮರಿನಿಂದ ಶುರುಮಾಡಬಲ್ಲದು. ಚಿತ್ರದ ಉದ್ದನೆಯ ಬಾಣವನ್ನು ನಂಬಿ, ಆದರೆ ಅದು ಎಂದೂ ಕಡಿಯುವುದಿಲ್ಲ ಎಂದುಕೊಳ್ಳಬೇಡಿ.

ಚಿತ್ರ ಮರೆಮಾಡುವ ಇನ್ನೊಂದು ಸಂಗತಿಯೂ ಇದೆ. ಅದರಲ್ಲಿ ಎರಡು ಪಾಲಿಮರೇಸ್‌ಗಳು ಒಂದಕ್ಕೊಂದು ಬೆನ್ನು ಮಾಡಿ ದೂರ ಹೋಗುವಂತೆ ಕಾಣುತ್ತದೆ. ಜೀವಕೋಶದಲ್ಲಿ ಅವು ಹೆಲಿಕೇಸಿನ ಜೊತೆ ಒಂದೇ ಯಂತ್ರದಲ್ಲಿ ಸೇರಿಕೊಂಡು, ಒಂದೇ ದಿಕ್ಕಿಗೆ ಸಾಗುತ್ತವೆ. ಅದು ಹೇಗೆ ಸಾಧ್ಯ? ಕೆಳಗಿನ ಹಳೆಯ ಎಳೆ ಒಂದು ಕುಣಿಕೆಯಾಗಿ ಸುತ್ತಿ ಪಾಲಿಮರೇಸಿನ ಒಳಗೆ ಬರುತ್ತದೆ, ಹಾಗೆ ತಿರುಗಿದ ಎಳೆಯ ಮೇಲೆ ಉಲ್ಟಾ ದಿಕ್ಕಿನ ಕೆಲಸ ಯಂತ್ರದ ನಡಿಗೆಗೆ ಹೊಂದಿಕೊಳ್ಳುತ್ತದೆ. ತುಂಡು ಬೆಳೆದಂತೆ ಕುಣಿಕೆ ದೊಡ್ಡದಾಗುತ್ತದೆ, ತುಂಡು ಮುಗಿದಾಗ ಬಿಟ್ಟುಹೋಗಿ ಹೊಸ ಕುಣಿಕೆ ಕಟ್ಟಿಕೊಳ್ಳುತ್ತದೆ. ಬ್ರೂಸ್ ಆಲ್ಬರ್ಟ್ಸ್ ಮತ್ತು ಜೊತೆಗಾರರು ಮುಂದಿಟ್ಟ ಈ ವಿವರಣೆಗೆ ಟ್ರೊಂಬೋನ್ ಮಾದರಿ ಎಂದು ಹೆಸರು. ಚಪ್ಪಟೆ ಕಾಗದದ ಮೇಲೆ ಕುಣಿಕೆ ಬಿಡಿಸಿದರೆ ಗೋಜಲಾಗುತ್ತದೆಂದು ಪಠ್ಯಗಳು ಅದನ್ನು ಬಿಚ್ಚಿ ನೇರವಾಗಿ ಹಾಸಿ ತೋರಿಸುತ್ತವೆ.

ಲೀಡಿಂಗ್, ಲ್ಯಾಗಿಂಗ್ ಎಂಬುದು ಎಳೆಯ ಹುಟ್ಟುಗುಣವೂ ಅಲ್ಲ. ನಾವು ಬಿಡಿಸಿದ ಚಿತ್ರವನ್ನು ಎಡಕ್ಕೆ ಮುಂದುವರಿಸಿ, ಅಲ್ಲಿ ಎಡಕ್ಕೆ ಸಾಗುವ ಎರಡನೆಯ ಕವಲನ್ನು ಸೇರಿಸಿ. ಮೇಲಿನ ಹಳೆಯ ಎಳೆಯ ಮೇಲೆ ಹೊಸದು ಈಗಲೂ ಬಲಕ್ಕೇ ಬೆಳೆಯಬೇಕು, ಆದರೆ ಕವಲು ಎಡಕ್ಕೆ ಹೋಗುತ್ತಿದೆ. ಬಲಗಡೆ ಉದ್ದಕ್ಕೆ ನಕಲಾಗುತ್ತಿದ್ದ ಅದೇ ಎಳೆ ಎಡಗಡೆ ತುಂಡು ತುಂಡಾಗಿ ನಕಲಾಗುತ್ತದೆ.

ಲ್ಯಾಗಿಂಗ್ ಎಳೆಯ ಪದ್ಧತಿ ಕೈಕೊಡುವುದು ನಮ್ಮ ಕ್ರೋಮೋಸೋಮುಗಳ ಕೊನೆಯಲ್ಲಿ. ಬ್ಯಾಕ್ಟೀರಿಯಾದ್ದು ಬಳೆ, ಅದಕ್ಕೆ ತುದಿಯಿಲ್ಲ. ನಮ್ಮದಕ್ಕೆ ಇದೆ. ಕಟ್ಟಕಡೆಯ ತುಂಡಿನ ಪ್ರೈಮರನ್ನು ತೆಗೆದ ಮೇಲೆ ಅದರ ಜಾಗ ತುಂಬಲು ಆಚೆಯಿಂದ ಬರುವ ತುಂಡು ಇಲ್ಲ, 5′ ತುದಿಗೆ ಸೇರಿಸುವ ಕಿಣ್ವವೂ ಇಲ್ಲ. ಹಾಗಾಗಿ ಪ್ರತಿ ಸಲ ಜೀವಕೋಶ ಒಡೆದಾಗ ತುದಿ ಸ್ವಲ್ಪ ಸವೆಯುತ್ತದೆ. ರಷ್ಯಾದ ಅಲೆಕ್ಸೀ ಒಲೊವ್ನಿಕೋವ್ 1971ರಲ್ಲಿ, ವಾಟ್ಸನ್ 1972ರಲ್ಲಿ ಇದನ್ನು ಬೇರೆಬೇರೆಯಾಗಿ ಗುರುತಿಸಿದರು. ಸವೆದರೂ ನಷ್ಟವಾಗದಂತೆ ಅಲ್ಲಿ ಟೆಲೊಮಿಯರ್ ಎಂಬ, ಒಂದೇ ಪದ ಸಾವಿರಾರು ಸಲ ಬರುವ ಅಂಚಿದೆ. ಅದನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಕಿಣ್ವ ನಮ್ಮ ಹೆಚ್ಚಿನ ಜೀವಕೋಶಗಳಲ್ಲಿ ಸುಮ್ಮನಿರುತ್ತದೆ, ವೀರ್ಯಾಣು ಮತ್ತು ಅಂಡಾಣುಗಳ ಮೂಲಕೋಶಗಳಲ್ಲಿ ಕೆಲಸ ಮಾಡುತ್ತದೆ, ಬಹುತೇಕ ಕ್ಯಾನ್ಸರ್‌ಗಳಲ್ಲಿ ಮತ್ತೆ ಎಚ್ಚರಗೊಳ್ಳುತ್ತದೆ. ಈ ಕುರಿತ ಕೆಲಸಕ್ಕೆ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್ ಮತ್ತು ಜ್ಯಾಕ್ ಜೋಸ್ಟಾಕ್ 2009ರಲ್ಲಿ ನೊಬೆಲ್ ಪಡೆದರು.

ಚಿತ್ರ ಬಿಡಿಸುವ ವಿದ್ಯಾರ್ಥಿಗಳಿಗೂ ಅದಕ್ಕೆ ಅಂಕ ಹಾಕುವ ಮೇಷ್ಟ್ರುಗಳಿಗೂ ಒಂದು ಮಾತು. ಬಣ್ಣ, ಅಂದ ನೋಡುವ ಮುಂಚೆ ಮೂರನ್ನು ನೋಡಿ. ಎಲ್ಲ ಬಾಣಗಳ ಚೂಪು 3′ ತುದಿಯಲ್ಲೇ ಇದೆಯೇ? ಲ್ಯಾಗಿಂಗ್ ಎಳೆಯ ಪ್ರತಿ ತುಂಡಿನ ಪ್ರೈಮರ್ ಕವಲಿನ ಕಡೆಯ ತುದಿಯಲ್ಲಿದೆಯೇ, ಲೀಡಿಂಗ್ ಎಳೆಗೂ ಶುರುವಿನಲ್ಲಿ ಒಂದು ಪ್ರೈಮರ್ ಇದೆಯೇ? ಕವಲಿಗೆ ಅತಿ ಹತ್ತಿರದ ತುಂಡೇ ಎಲ್ಲಕ್ಕಿಂತ ಹೊಸದು ಎಂದು ಬಿಡಿಸಿದವರು ಹೇಳಬಲ್ಲರೇ? ಮೂರೂ ಸರಿಯಿದ್ದರೆ, ಗೆರೆ ಎಷ್ಟೇ ವಕ್ರವಾಗಿರಲಿ, ಪೂರ್ತಿ ಅಂಕ ಕೊಡಿ.